ರೊಟ್ಟಿಯ ಲೆಕ್ಕ ಬೇರೆ, ಮನೆಯ ಲೆಕ್ಕ ಬೇರೆ

ಪ್ರಶ್ನೆ: ನನ್ನ ತವರು ಯಲಬುರ್ಗಾ ತಾಲ್ಲೂಕಿನ ಹಳ್ಳಿ. ಮದುವೆಯಾಗಿ ಗಂಗಾವತಿಗೆ ಬಂದು 11 ವರ್ಷವಾಯಿತು. ಇಬ್ಬರು ಮಕ್ಕಳಿದ್ದಾರೆ. ನಮ್ಮ ಯಜಮಾನರು ಇಲ್ಲಿನ ಒಂದು ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ, ತಿಂಗಳಿಗೆ 16 ಸಾವಿರ ಪಗಾರ. ಎರಡು ವರ್ಷದ ಹಿಂದೆ, ಗವಿಮಠದ ಜಾತ್ರೆ ಮುಗಿದ ಮೇಲೆ, ಇಬ್ಬರೂ ಕೂಡಿ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರಲು ಶುರು ಮಾಡಿದೆವು. ತವರಿನಿಂದ ಬಂದ ನನ್ನ ಬಂಗಾರ ಅಡವಿಟ್ಟು ಒಂದೂವರೆ ಲಕ್ಷ, ನನ್ನ ಸ್ವಸಹಾಯ ಸಂಘದಿಂದ 50 ಸಾವಿರ ತಂದು ಹಾಕಿದೆ. ಈಗ ದಿನಕ್ಕೆ 500 ರೊಟ್ಟಿ ಹೋಗುತ್ತವೆ. ಬಡಿಯಲು ಇಬ್ಬರು ಹೆಣ್ಣುಮಕ್ಕಳು ಬರುತ್ತಾರೆ. ನಾನು ನಸುಕಿನ ನಾಲ್ಕಕ್ಕೆ ಏಳುತ್ತೇನೆ. ಯಜಮಾನರು ಮಿಲ್ಲಿಗೆ ಹೋಗುವ ಮೊದಲು ಮತ್ತು ಬಂದ ಮೇಲೆ ಗಾಡಿಯಲ್ಲಿ ಹೋಟೆಲುಗಳಿಗೆ ಕೊಟ್ಟು ಬರುತ್ತಾರೆ.

ವ್ಯಾಪಾರ ಚೆನ್ನಾಗಿದೆ, ಮನೆ ಕೆಟ್ಟಿದೆ. ಹಣವೆಲ್ಲ ಅವರ ಫೋನಿಗೆ ಬರುತ್ತದೆ. ವಾರದ ಕಂತಿಗೆ, ಕೂಲಿಗೆ ನಾನು ಅವರ ಮುಂದೆ ಕೈಯೊಡ್ಡಬೇಕು. ಕುಷ್ಟಗಿಯ ಹೈವೇದಲ್ಲಿ ಅವರ ಗೆಳೆಯರ ಡಾಬಾದಲ್ಲಿ 38 ಸಾವಿರ ಉದ್ರಿ ನಿಂತಿದೆ. ಕೇಳಿದರೆ, ‘ವ್ಯಾಪಾರ ಅಂದ್ರ ಹಂಗ ಇರತೈತಿ, ನಿನಗೇನ್ ತಿಳೀತೈತಿ’ ಅನ್ನುತ್ತಾರೆ. ಈಗ ಮಿಲ್ಲಿನ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಬರುತ್ತೇನೆ, ಸಾಲ ಮಾಡಿ ರೊಟ್ಟಿ ಮಷಿನ್ ತರೋಣ ಎಂದು ಹಟ ಹಿಡಿದಿದ್ದಾರೆ. ಬೇಡ ಅಂದರೆ, ‘ನಾ ದುಡಿದದ್ದು ಕಾಣೂದಿಲ್ಲೇನು’ ಎಂದು ಊಟ ಬಿಟ್ಟು ಏಳುತ್ತಾರೆ. ಅತ್ತೆಯವರು, ‘ಬಂಗಾರ ಕೊಟ್ಟೀನಿ ಅಂತ ಗಂಡನ್ನ ಕುಣಸ್ತಾಳ’ ಅನ್ನುತ್ತಾರೆ. ವ್ಯಾಪಾರ ಬಿಟ್ಟುಬಿಡಲೇ ಎಂದು ಅನ್ನಿಸುತ್ತದೆ. ಏನು ಮಾಡಲಿ?

— ಹೆಸರು ಬೇಡ, ಗಂಗಾವತಿ

ಉತ್ತರ: ಸಹೋದರಿ, ವ್ಯಾಪಾರ ಬಿಡುವ ಮಾತು ಸದ್ಯಕ್ಕೆ ಬೇಡ. ನಿಮ್ಮ ಪತ್ರದಲ್ಲಿ ನನಗೆ ಕಂಡ ಜಗಳ ಗಂಡ ಹೆಂಡಿರ ಸ್ವಭಾವದ್ದಲ್ಲ. ನಿಮ್ಮ ಬಂಗಾರ, ಸಂಘದ ಸಾಲ, ನಿಮ್ಮ ದುಡಿಮೆ, ಅವರ ದುಡಿಮೆ, ಮಿಲ್ಲಿನ ಪಗಾರ, ಈ ಐದೂ ಒಂದೇ ಫೋನಿನ ಒಂದೇ ಖಾತೆಯಲ್ಲಿ ಕಲೆತುಹೋಗಿವೆ. ಯಾವುದು ಯಾರದ್ದು, ಎಷ್ಟು ಎಂದು ಇಬ್ಬರಿಗೂ ಗೊತ್ತಿಲ್ಲ. ಹಾಗಾಗಿ ನೀವು ‘ನನ್ನ ಬಂಗಾರ’ ಅಂದಾಗ ಅವರಿಗೆ ಹಂಗಿಸಿದಂತೆ ಕೇಳಿಸುತ್ತದೆ. ಅವರು ‘ನಾನು ದುಡಿದದ್ದು’ ಅಂದಾಗ ನಿಮ್ಮ ನಸುಕಿನ ದುಡಿಮೆಯನ್ನು ಅಳಿಸಿದಂತೆ ನಿಮಗೆ ಕೇಳಿಸುತ್ತದೆ. ಮೊದಲು ಲೆಕ್ಕ ಬಿಡಿಸಿಕೊಳ್ಳಿ. ಮಾತು ಅರ್ಧಕ್ಕರ್ಧ ಅಲ್ಲೇ ತಣ್ಣಗಾಗುತ್ತದೆ.

ನೀವು ಪತ್ರದ ಹಿಂದೆ ಬರೆದುಕೊಟ್ಟ ಖರ್ಚಿನ ವಿವರವನ್ನೇ ಇಟ್ಟುಕೊಂಡು ಲೆಕ್ಕ ಹಾಕಿದ್ದೇನೆ. ತಿಂಗಳಿಗೆ 26 ದಿನ, ದಿನಕ್ಕೆ 500ರಂತೆ 13 ಸಾವಿರ ರೊಟ್ಟಿ. ಒಂದಕ್ಕೆ 7 ರೂಪಾಯಿಯಂತೆ 91 ಸಾವಿರ ಮಾರಾಟ. ಕಿಲೋ ಜೋಳಕ್ಕೆ 20 ರೊಟ್ಟಿ ಆಗುತ್ತವೆ ಎಂದಿದ್ದೀರಿ. ಅಂದರೆ 650 ಕಿಲೋ ಜೋಳ, 45 ರೂಪಾಯಿಯಂತೆ 29,250. ಗಿರಣಿಗೆ 2,600. ಗ್ಯಾಸಿಗೆ 9,000. ದಿನದ 500ರಲ್ಲಿ 350 ಆ ಇಬ್ಬರು ಬಡಿಯುತ್ತಾರೆ, ರೊಟ್ಟಿಗೆ ಒಂದೂವರೆ ರೂಪಾಯಿಯಂತೆ ಅವರ ಕೂಲಿ 13,650. ಪ್ಯಾಕಿಂಗು, ಪೆಟ್ರೋಲು 5,500. ಒಟ್ಟು ಖರ್ಚು 60 ಸಾವಿರ, ಉಳಿದದ್ದು 31 ಸಾವಿರ. ಇದನ್ನೇ ನಿಮ್ಮ ಯಜಮಾನರು ‘ತಿಂಗಳಿಗೆ 31 ಸಾವಿರ ಲಾಭ’ ಎನ್ನುತ್ತಿದ್ದಾರೆ. ಮಿಲ್ಲಿನ 16 ಸಾವಿರದ ಪಕ್ಕದಲ್ಲಿ 31 ಸಾವಿರ ಇಟ್ಟು ನೋಡಿದರೆ ಯಾರಿಗಾದರೂ ಕೆಲಸ ಬಿಡಬೇಕು ಎನ್ನಿಸುತ್ತದೆ. ಅವರದು ಹಟವಲ್ಲ, ಕಣ್ಣಿಗೆ ಬಿದ್ದ ಅಂಕಿ ಅವರಿಗೆ ಹಾಗೆ ಹೇಳುತ್ತಿದೆ.

ಆದರೆ ಆ 31 ಸಾವಿರದಲ್ಲಿ ಇಬ್ಬರ ಕೂಲಿ ಇನ್ನೂ ಕಳೆದಿಲ್ಲ. ದಿನಕ್ಕೆ 150 ರೊಟ್ಟಿ ನೀವೇ ಬಡಿಯುತ್ತೀರಿ. ಅದನ್ನು ಬೇರೆಯವರಿಂದ ಮಾಡಿಸಿದ್ದರೆ ತಿಂಗಳಿಗೆ 5,850 ಕೊಡಬೇಕಿತ್ತು. ಹಿಟ್ಟು ನಾದುವುದು, ಕೆಲಸದವರನ್ನು ನೋಡಿಕೊಳ್ಳುವುದು, ಎಣಿಸಿ ಕಟ್ಟುವುದು ಸೇರಿದರೆ ನಿಮಗೆ 12 ಸಾವಿರ ಹೆಚ್ಚೇನಲ್ಲ. ಬೆಳಿಗ್ಗೆ ಸಂಜೆ ಗಾಡಿ ಓಡಿಸಿ ವಸೂಲಿ ಮಾಡುವ ಅವರಿಗೆ 8 ಸಾವಿರ ಇಡೋಣ. ಕೂಲಿ 20 ಸಾವಿರ ಹೋಯಿತು, ಉಳಿದದ್ದು 11 ಸಾವಿರ. ಇದರಲ್ಲಿ ಸಂಘದ ವಾರದ ಕಂತು ತಿಂಗಳಿಗೆ ಸುಮಾರು 5 ಸಾವಿರ. ಬಂಗಾರದ ಸಾಲಕ್ಕೆ ಬಡ್ಡಿ ಮತ್ತು ಒಂದಿಷ್ಟು ಅಸಲು ಸೇರಿ 4 ಸಾವಿರವಾದರೂ ಕಟ್ಟಬೇಕು. ಕೊನೆಗೆ ಕೈಯಲ್ಲಿ ಉಳಿಯುವುದು 2 ಸಾವಿರ. ಹಂಚು, ಒಲೆ, ಗಾಡಿ ರಿಪೇರಿಗೆ ಅದು ಇರಲೇಬೇಕು. ಪಾಲು ಮಾಡಿಕೊಳ್ಳುವ ಲಾಭ ಈ ವ್ಯಾಪಾರದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿರುವುದು ಇಬ್ಬರ ಕೂಲಿ ಮತ್ತು ಸಾಲ ತೀರಿಸುವ ಶಕ್ತಿ. ಎರಡು ವರ್ಷದ ಮನೆ ವ್ಯಾಪಾರಕ್ಕೆ ಇದು ಒಳ್ಳೆಯ ಸ್ಥಿತಿಯೇ. ಕೆಲಸ ಬಿಡುವ ಸ್ಥಿತಿ ಮಾತ್ರ ಅಲ್ಲ.

ಇಬ್ಬರೂ ಕೂಲಿ ತೆಗೆದುಕೊಳ್ಳಿ ಎನ್ನುವುದು ನನ್ನ ಮೊದಲ ಸಲಹೆ. ಮನೆಯವರಿಗೇ ಮನೆಯವರು ಕೂಲಿ ಕೊಡುವುದೇ ಎಂದು ಅತ್ತೆಯವರು ಕೇಳಬಹುದು. ಕೊಡದಿದ್ದರೆ ಏನಾಗುತ್ತದೆ ಎಂದು ನಿಮಗೇ ಅನುಭವವಾಗಿದೆ. ಹೆಂಡತಿಯ ದುಡಿಮೆ ‘ಮನೆಗೆಲಸ’ದಲ್ಲಿ ಸೇರಿಹೋಗುತ್ತದೆ, ಗಂಡನ ದುಡಿಮೆ ‘ವ್ಯಾಪಾರ’ ಅನ್ನಿಸಿಕೊಳ್ಳುತ್ತದೆ. ಪ್ರತಿ ತಿಂಗಳು ಗೊತ್ತಾದ ದಿನ 12 ಸಾವಿರ ನಿಮ್ಮ ಖಾತೆಗೆ, 8 ಸಾವಿರ ಅವರ ಖಾತೆಗೆ ಬೀಳಲಿ. ಮನೆ ಖರ್ಚಿಗೆ ಇಬ್ಬರೂ ಎಷ್ಟೆಷ್ಟು ಹಾಕಬೇಕು ಎಂದು ಗೊತ್ತು ಮಾಡಿಕೊಳ್ಳಿ. ಉಳಿದದ್ದಕ್ಕೆ ಒಬ್ಬರಿಗೊಬ್ಬರು ಲೆಕ್ಕ ಕೇಳುವುದು ಬೇಡ. ತವರಿಗೆ ಹೋಗುವಾಗ ಬಸ್ಸಿನ ಹಣಕ್ಕೆ ನೀವು ಕೈಯೊಡ್ಡುವುದು ತಪ್ಪಿದರೆ, ಡಾಬಾದ ಉದ್ರಿಯ ಬಗ್ಗೆ ನೀವು ಆಡುವ ಮಾತಿನ ಧಾಟಿಯೂ ಬದಲಾಗುತ್ತದೆ.

ಎರಡನೆಯದು ಖಾತೆ. ಹೋಟೆಲುಗಳ ಗಲ್ಲಾದ ಮೇಲೆ ಅಂಟಿಸಿರುವ ಕ್ಯೂಆರ್ ಚೀಟಿ ನಿಮ್ಮ ಯಜಮಾನರ ಸ್ವಂತ ಖಾತೆಯದ್ದು. ಅದೇ ಖಾತೆಗೆ ಪಗಾರ ಬರುತ್ತದೆ, ಅದರಿಂದಲೇ ಮಕ್ಕಳ ಫೀಸು, ಚೀಟಿ ಹಣ, ಗಾಡಿಯ ಕಂತು ಹೋಗುತ್ತವೆ. ಕದಿಯುವ ಮನಸ್ಸು ಯಾರಿಗೂ ಇಲ್ಲ. ಆದರೂ ರೊಟ್ಟಿಯ ಹಣ ಎಲ್ಲಿ ಹೋಯಿತು ಎಂದು ತಿಂಗಳ ಕೊನೆಗೆ ಅವರಿಗೇ ತಿಳಿಯುವುದಿಲ್ಲ. ವ್ಯಾಪಾರದ ಹೆಸರಿನಲ್ಲಿ ಉದ್ಯಮ್ ನೋಂದಣಿ ಮಾಡಿಸಿ. ಆಧಾರ್, ಪ್ಯಾನ್ ಇದ್ದರೆ ಸಾಕು, ಸರ್ಕಾರದ ಜಾಲತಾಣದಲ್ಲಿ ಅದಕ್ಕೆ ಶುಲ್ಕವಿಲ್ಲ. ಆಹಾರ ಪದಾರ್ಥ ಮಾರುವವರಾದ್ದರಿಂದ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು. ಈ ಎರಡು ಕಾಗದ ಹಿಡಿದು ಬ್ಯಾಂಕಿನಲ್ಲಿ ವ್ಯಾಪಾರದ ಹೆಸರಿಗೆ ಕರೆಂಟ್ ಖಾತೆ ತೆರೆಯಿರಿ. ಹಳೆಯ ಕ್ಯೂಆರ್ ಕಿತ್ತು ಹೊಸದು ಅಂಟಿಸಿ. ಖಾತೆಯ ಮೆಸೇಜು ಇಬ್ಬರೂ ನೋಡುವಂತಿರಲಿ. ಎಷ್ಟು ಬಂತು, ಎಷ್ಟು ಹೋಯಿತು ಎನ್ನುವುದು ಇಬ್ಬರ ಕಣ್ಣಿಗೂ ಬಿದ್ದರೆ ಕೇಳುವ ಅಗತ್ಯವೇ ಬೀಳುವುದಿಲ್ಲ. ಇಲ್ಲಿ ಕೇಳುವುದೇ ಜಗಳದ ಬಾಗಿಲಾಗಿದೆ.

ಇನ್ನು ವ್ಯಾಪಾರ ಯಾರ ಹೆಸರಿನಲ್ಲಿರಬೇಕು? ಇಬ್ಬರೂ ಪಾಲುದಾರರಾಗಬಹುದು. ಆದರೆ ಒಂದು ತಿಳಿದಿರಲಿ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ನಿಮ್ಮೊಳಗೆ ಬೇರೆ ಒಪ್ಪಂದವಿಲ್ಲದಿದ್ದರೆ ಲಾಭ ನಷ್ಟ ಸಮಪಾಲು, ದುಡಿದದ್ದಕ್ಕೆ ಯಾವ ಪಾಲುದಾರರಿಗೂ ಸಂಬಳ ಕೇಳುವ ಹಕ್ಕಿಲ್ಲ. ಅಷ್ಟೇ ಅಲ್ಲ, ವ್ಯಾಪಾರದ ಹೆಸರಿನಲ್ಲಿ ಒಬ್ಬರು ಮಾಡಿದ ಸಾಲಕ್ಕೆ ಇಬ್ಬರೂ ಪೂರ್ತಿ ಹೊಣೆ. ಆದ್ದರಿಂದ ಬಾಯಿಮಾತಿನ ಪಾಲುದಾರಿಕೆ ಬೇಡವೇ ಬೇಡ. ಮಾಡುವುದಾದರೆ ಸ್ಟ್ಯಾಂಪ್ ಕಾಗದದ ಮೇಲೆ ಕೂಲಿ, ಪಾಲು, ಸಾಲದ ಮಿತಿ ಬರೆಸಿಯೇ ಮಾಡಿ. ಸದ್ಯಕ್ಕೆ ನಿಮ್ಮ ಒಬ್ಬರ ಹೆಸರಿನಲ್ಲಿ ಇರುವುದೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಹಾಕಿದ ಬಂಡವಾಳ ನಿಮ್ಮದು, ರೊಟ್ಟಿಯ ಕೆಲಸ ಬಲ್ಲವರು ನೀವು, ಯಜಮಾನರಿಗೆ ಬೇರೆ ನೌಕರಿ ಇದೆ. ಒಂದು ಎಚ್ಚರಿಕೆ ಮಾತ್ರ ಇರಲಿ, ಹೆಸರು ಯಾರದ್ದೋ ಸಾಲದ ಹೊಣೆಯೂ ಅವರದ್ದೇ. ಅವರು ಜಾಮೀನು ಹಾಕದ ಹೊರತು ಬ್ಯಾಂಕು ಕೇಳುವುದು ನಿಮ್ಮನ್ನೇ. ಇದನ್ನು ಅವರಿಗೆ ಹೇಳುವಾಗ ‘ಬಂಗಾರ ನಂದು, ಅದಕ್ಕ ಹೆಸರೂ ನಂದು’ ಎನ್ನಬೇಡಿ. ‘ನಿಮ್ಮ ಪಗಾರ ಮನೆಗೆ ಭದ್ರ ಇರಲಿ, ವ್ಯಾಪಾರದ ಸಾಲ ಅದನ್ನ ಮುಟ್ಟೂದು ಬ್ಯಾಡ’ ಎನ್ನಿ. ಅದು ನಿಜವೂ ಹೌದು.

ಬಂಗಾರದ ವಿಷಯ ಬಂದಾಗ ನೀವು ಅಳುಕಬೇಕಿಲ್ಲ. ತವರಿನಿಂದ ಬಂದ ಒಡವೆ ಸ್ತ್ರೀಧನ, ಅದು ಹೆಂಡತಿಯ ಸ್ವಂತ ಆಸ್ತಿ. ಗಂಡ ಕಷ್ಟಕಾಲದಲ್ಲಿ ಅದನ್ನು ಬಳಸಬಹುದು, ಆದರೆ ಅದನ್ನೋ ಅದರ ಬೆಲೆಯನ್ನೋ ಹಿಂದಿರುಗಿಸುವ ಹೊಣೆ ಅವನ ಮೇಲಿರುತ್ತದೆ ಎಂದು 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿದೆ. ನಿಮ್ಮಲ್ಲಿ ಕೋರ್ಟಿನ ಮಾತು ಬೇಡ, ನೋಟ್‌ಬುಕ್ಕಿನ ಮಾತು ಸಾಕು. ಮೊದಲ ಪುಟದಲ್ಲಿ ‘ವ್ಯಾಪಾರ ಕೊಡಬೇಕಾದದ್ದು’ ಎಂದು ಬರೆದು, ಬಂಗಾರದ ಸಾಲ ಇಷ್ಟು, ಸಂಘದ ಸಾಲ ಇಷ್ಟು, ಯಜಮಾನರು ಗಾಡಿಗೆ ಹಾಕಿದ್ದರೆ ಅದೂ ಇಷ್ಟು ಎಂದು ಇಬ್ಬರೂ ಸಹಿ ಹಾಕಿ. ಪ್ರತಿ ತಿಂಗಳು ತೀರಿದ್ದನ್ನು ಕಳೆಯುತ್ತ ಬನ್ನಿ. ಬಂಗಾರ ಬರಿ ನೆನಪಿನಲ್ಲಿ ಉಳಿದರೆ ಪ್ರತಿ ಜಗಳದಲ್ಲೂ ಬಾಯಿಗೆ ಬರುತ್ತದೆ. ಪುಸ್ತಕಕ್ಕೆ ಇಳಿದರೆ ಅದು ತೀರುವ ಸಾಲವಾಗುತ್ತದೆ.

ಈಗ ಕೆಲಸ ಬಿಡುವ ಪ್ರಶ್ನೆ. ನಿಮ್ಮ ಲೆಕ್ಕದಲ್ಲಿ ಒಂದು ರೊಟ್ಟಿಗೆ ಜೋಳ, ಗಿರಣಿ, ಗ್ಯಾಸು, ಬಡಿಯುವ ಕೂಲಿ, ಪ್ಯಾಕಿಂಗು, ಪೆಟ್ರೋಲು ಎಲ್ಲ ಸೇರಿ 5 ರೂಪಾಯಿ ಚಿಲ್ಲರೆ ಬೀಳುತ್ತದೆ. ಮಾರಿದರೆ ಉಳಿಯುವುದು 2 ರೂಪಾಯಿಗೆ ಒಂದಿಷ್ಟು ಕಡಿಮೆ. ಮಿಲ್ಲಿನ 16 ಸಾವಿರವನ್ನು ರೊಟ್ಟಿಯಿಂದಲೇ ತುಂಬಬೇಕಾದರೆ ತಿಂಗಳಿಗೆ ಇನ್ನೂ 8 ಸಾವಿರಕ್ಕಿಂತ ಹೆಚ್ಚು ರೊಟ್ಟಿ ಮಾರಬೇಕು. ದಿನಕ್ಕೆ 300ರ ಮೇಲೆ. ಅದೂ ರೊಕ್ಕ ಕೊಟ್ಟು ಒಯ್ಯುವ ಗಿರಾಕಿ ಆಗಬೇಕು. ‘ಕೆಲಸ ಬಿಡಬೇಡಿ’ ಎನ್ನುವ ಬದಲು ‘ದಿನಕ್ಕ 800ರ ಮ್ಯಾಲೆ ರೊಟ್ಟಿ ರೊಕ್ಕಕ್ಕ ಹೋಗೂಹಂಗ ಆದ ಮ್ಯಾಲೆ ಬಿಡ್ರಿ’ ಎಂದು ಹೇಳಿ ನೋಡಿ. ಮೊದಲನೆಯದು ತಡೆಯುವ ಮಾತು, ಎರಡನೆಯದು ಇಬ್ಬರೂ ಸೇರಿ ಮುಟ್ಟಬೇಕಾದ ಗುರಿ. ಆರು ತಿಂಗಳು ಒಂದೇ ಸಮನೆ ಆ ಮಾರಾಟ ನಿಲ್ಲಬೇಕು, ಮೂರು ತಿಂಗಳ ಮನೆ ಖರ್ಚು ಬೇರೆ ತೆಗೆದಿಟ್ಟಿರಬೇಕು. ಮದುವೆಯ ಸೀಸನ್ನಿನ ಎರಡು ತಿಂಗಳ ಆರ್ಡರು ನೋಡಿ ನೌಕರಿ ಬಿಟ್ಟರೆ ಆಷಾಢದಲ್ಲಿ ತೊಂದರೆಗೆ ಬೀಳುತ್ತೀರಿ.

ಒಬ್ಬರ ಪಗಾರ ನಿಲ್ಲದಿರುವುದು ಹೊಸ ವ್ಯಾಪಾರಕ್ಕೆ ಎಷ್ಟು ದೊಡ್ಡ ಬಲ ಎನ್ನುವುದಕ್ಕೆ ನಮ್ಮ ಕಡೆಯವರದ್ದೇ ಉದಾಹರಣೆ ಇದೆ. ಹುಬ್ಬಳ್ಳಿಯಲ್ಲಿ ಓದಿ ಬೆಳೆದ ಸುಧಾ ಮೂರ್ತಿಯವರು 1981ರಲ್ಲಿ ತಮ್ಮ ಉಳಿತಾಯದ 10 ಸಾವಿರ ರೂಪಾಯಿಯನ್ನು ಗಂಡ ನಾರಾಯಣ ಮೂರ್ತಿಯವರಿಗೆ ಇನ್ಫೋಸಿಸ್ ಶುರು ಮಾಡಲು ಕೊಟ್ಟರು. ತಾವು ನೌಕರಿಯಲ್ಲಿದ್ದು ಮನೆ ನಡೆಸಿದರು. ಕಂಪನಿಯಲ್ಲಿ ಇಬ್ಬರಲ್ಲಿ ಒಬ್ಬರೇ ಇರಬೇಕು ಎಂದು ಮೂರ್ತಿಯವರು ಪಟ್ಟು ಹಿಡಿದಿದ್ದರು. ಅರ್ಹತೆಯಿದ್ದ ಹೆಂಡತಿಯನ್ನು ಹಾಗೆ ಹೊರಗಿಟ್ಟದ್ದು ತಪ್ಪಾಯಿತು ಎಂದು 2024ರಲ್ಲಿ ಅವರೇ ಹೇಳಿಕೊಂಡರು. ಎರಡೂ ಮಾತು ನಿಮಗೆ ಅನ್ವಯಿಸುತ್ತವೆ. ಒಬ್ಬರ ಪಗಾರ ಇರಲಿ, ಆದರೆ ಪಗಾರಕ್ಕೆ ಹೋಗುವವರು ವ್ಯಾಪಾರದ ಮಾತಿನಿಂದ ಹೊರಗೆ ಬೀಳಬಾರದು. ನಿಮ್ಮ ಯಜಮಾನರಿಗೆ ಆ ಭಯವೂ ಇರಬಹುದು. ಮನೆಯಲ್ಲಿ ಮೂವರು ಹೆಂಗಸರು ನಡೆಸುವ ಕೆಲಸದಲ್ಲಿ ತಾನು ಬರಿ ಗಾಡಿ ಓಡಿಸುವವನು ಎಂದು ಅವರಿಗೆ ಅನ್ನಿಸಿದರೆ, ಮಷಿನ್ ತರುವ ಹಟ ಅದಕ್ಕೇ ಹುಟ್ಟಿರಬಹುದು.

ಅದಕ್ಕೆ ಕೆಲಸ ಹಂಚಿಕೊಳ್ಳುವಾಗ ಅಧಿಕಾರವನ್ನೂ ಹಂಚಿ. ಜೋಳ ಯಾವುದು, ರೊಟ್ಟಿಯ ಗುಣ ಹೇಗಿರಬೇಕು, ಬಡಿಯಲು ಯಾರು ಬರಬೇಕು, ಅವರ ಕೂಲಿ ಎಷ್ಟು, ಇದರಲ್ಲಿ ಕೊನೆಯ ಮಾತು ನಿಮ್ಮದು. ಹೊಸ ಗಿರಾಕಿ, ದರ, ವಸೂಲಿ, ಗಾಡಿ, ಲೆಕ್ಕದ ಪುಸ್ತಕ, ಇದರಲ್ಲಿ ಕೊನೆಯ ಮಾತು ಅವರದ್ದು. ಮಿಲ್ಲಿನಲ್ಲಿ ಲೆಕ್ಕ ಬರೆಯುವವರು ಅವರು, ಆ ಕೆಲಸ ನಿಮಗಿಂತ ಚೆನ್ನಾಗಿ ಮಾಡುತ್ತಾರೆ. ತಮ್ಮ ಭಾಗದಲ್ಲಿ 2 ಸಾವಿರದವರೆಗೆ ಇಬ್ಬರೂ ಕೇಳದೆ ಖರ್ಚು ಮಾಡಬಹುದು, ಪುಸ್ತಕದಲ್ಲಿ ಬರೆದರೆ ಸಾಕು. ಮೂರು ವಿಷಯಕ್ಕೆ ಮಾತ್ರ ಇಬ್ಬರ ಒಪ್ಪಿಗೆಯೂ ಬೇಕು: ಹೊಸ ಸಾಲ, ಒಂದು ವಾರದ ಮಾಲಿಗಿಂತ ಹೆಚ್ಚಿನ ಉದ್ರಿ, ವರ್ಷದ ಜೋಳ ಒಟ್ಟಿಗೆ ಖರೀದಿ. ಕೊನೆಯದು ಸಣ್ಣ ಮಾತಲ್ಲ. ಫೆಬ್ರುವರಿ, ಮಾರ್ಚಿನಲ್ಲಿ ಯಲಬುರ್ಗಾ, ಕುಷ್ಟಗಿ ಕಡೆ ಹೊಸ ಬಿಳಿಜೋಳ ಬರುವಾಗ ಕೊಂಡಿಟ್ಟರೆ ಲಾಭವಿದೆ, ಆದರೆ ಕೈಯಲ್ಲಿದ್ದ ರೊಕ್ಕವೆಲ್ಲ ಚೀಲದಲ್ಲಿ ಕೂತುಬಿಡುತ್ತದೆ, ಹುಳು ಬಿದ್ದರೆ ನಷ್ಟವೂ ಇದೆ. ಈ ಮೂರರಲ್ಲಿ ಒಬ್ಬರು ಬೇಡ ಎಂದರೆ 15 ದಿನ ಮುಂದಕ್ಕೆ ಹಾಕಿ. ಆಮೇಲೂ ಒಮ್ಮತ ಬರದಿದ್ದರೆ ಅತ್ತೆಯವರ ಹತ್ತಿರವಾಗಲಿ, ನಿಮ್ಮ ಅಣ್ಣನ ಹತ್ತಿರವಾಗಲಿ ಒಯ್ಯಬೇಡಿ. ನಿಮ್ಮಿಬ್ಬರಿಗೂ ಬೇಕಾದ, ವ್ಯಾಪಾರ ಬಲ್ಲ ಒಬ್ಬರನ್ನು ಮೊದಲೇ ಗೊತ್ತು ಮಾಡಿಕೊಂಡು ಅವರ ಮುಂದೆ ಪುಸ್ತಕ ಬಿಚ್ಚಿಡಿ.

ಡಾಬಾದ 38 ಸಾವಿರಕ್ಕೂ ಈ ನಿಯಮದಿಂದಲೇ ದಾರಿ ಮಾಡಬೇಕು. ಬಡಿಯುವವರ ತಿಂಗಳ ಕೂಲಿ, ಗಿರಣಿ, ಗ್ಯಾಸು ಮೂರೂ ಕೂಡಿದರೂ 26 ಸಾವಿರ ಆಗುವುದಿಲ್ಲ. ಅಂದರೆ ಆ ಒಂದು ಡಾಬಾದಲ್ಲಿ ನಿಂತಿರುವುದು ಇವೆಲ್ಲ ಕೊಟ್ಟು ಮಿಗುವಷ್ಟು ಹಣ. ಗೆಳೆತನ ಕೆಡದಂತೆ ವಸೂಲಿ ಮಾಡಲು ಒಂದು ಉಪಾಯವಿದೆ. ಹಳೆಯ ಬಾಕಿಗೆ ವಾರಕ್ಕೆ 2 ಸಾವಿರದಂತೆ ಕಂತು, ಹೊಸ ರೊಟ್ಟಿಗೆ ಆಯಾ ದಿನವೇ ರೊಕ್ಕ. ‘ಮನಿಯಾಗ ಇಬ್ಬರೂ ಕೂತು ನಿಯಮ ಮಾಡೇವಿ, ನನ್ನ ಕೈಯಾಗಿಲ್ಲ’ ಎಂದು ನಿಮ್ಮ ಯಜಮಾನರು ಹೇಳಲಿ. ಉದ್ರಿ ಕೊಡಲಾರೆ ಎನ್ನಲು ಸಂಕೋಚಪಡುವವರಿಗೆ ಬರೆದಿಟ್ಟ ನಿಯಮ ದೊಡ್ಡ ಆಸರೆ.

ಮಷಿನ್ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ಗಿರಾಕಿಗಳು ಒಯ್ಯುತ್ತಿರುವುದು ಕೈಯಿಂದ ಬಡಿದ ರೊಟ್ಟಿ. ಮಷಿನ್ ಇರುವ ಬೇರೆ ಊರಿನ ಘಟಕದಲ್ಲಿ ನಿಮ್ಮದೇ ಹಿಟ್ಟು ಒಯ್ದು ಮಾಡಿಸಿ, ಹತ್ತು ದಿನ ಆ ರೊಟ್ಟಿ ಕೊಟ್ಟು ನೋಡಿ. ಎಷ್ಟು ಹೋಟೆಲಿನವರು ಮತ್ತೆ ಕೇಳಿದರು ಎಂದು ಬರೆದಿಡಿ. ಆಮೇಲೆ ಸಾಲದ ಮಾತು. ಕಿರು ಆಹಾರ ಸಂಸ್ಕರಣೆಗೆ ಇರುವ ಪಿಎಂಎಫ್‌ಎಂಇ ಯೋಜನೆಯಲ್ಲಿ ಮೂಲ ಶೇ 35ಕ್ಕೆ ನಮ್ಮ ರಾಜ್ಯದ ಹೆಚ್ಚುವರಿ ಶೇ 15 ಸೇರಿ ಶೇ 50ರವರೆಗೆ ಸಹಾಯಧನ ಗೊತ್ತುಮಾಡಿದ್ದಾರೆ. ಅದು ಕೈಗೆ ಬರುವ ನಗದಲ್ಲ, ಬ್ಯಾಂಕ್ ಸಾಲ ಮಂಜೂರಾದ ಮೇಲೆ ಬಂದು, ಕಂತು ಸರಿಯಾಗಿ ಕಟ್ಟಿದರೆ ಮೂರು ವರ್ಷದ ನಂತರ ಸಾಲಕ್ಕೆ ಹೊಂದಿಸುವ ಹಣ. ಕನಿಷ್ಠ ಶೇ 10 ನಿಮ್ಮ ಕೈಯಿಂದ ಹಾಕಬೇಕು. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಅವಕಾಶ, ಗಂಡ ಹೆಂಡತಿ ಒಂದೇ ಕುಟುಂಬದ ಲೆಕ್ಕ. ಆದ್ದರಿಂದ ಯಾರ ಹೆಸರಿನಲ್ಲಿ ಅರ್ಜಿ ಎನ್ನುವುದನ್ನು ಮೊದಲೇ ಇಬ್ಬರೂ ಒಪ್ಪಿರಬೇಕು. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯಲ್ಲಿ ಕೇಳಿ ತಿಳಿದು ಮುಂದುವರಿಯಿರಿ. ಬಂಗಾರ ಬಿಡಿಸಿಕೊಳ್ಳುವ ಮೊದಲು ಹೊಸ ಸಾಲಕ್ಕೆ ಸಹಿ ಹಾಕಬೇಡಿ.

ಇನ್ನೊಂದು ಕೆಲಸ ನಿಮ್ಮ ಹಂಚಿಕೆಯಲ್ಲಿ ಇಲ್ಲವೇ ಇಲ್ಲ. ನಾಲ್ಕಕ್ಕೆ ಎದ್ದು ರೊಟ್ಟಿ ಮುಗಿಸಿದ ಮೇಲೆ ಮನೆಯ ಅಡುಗೆ, ಮಕ್ಕಳ ಡಬ್ಬಿ, ಪಾತ್ರೆ, ನೀರು ಎಲ್ಲ ನಿಮ್ಮ ಮೇಲೇ ಇವೆ ಎಂದು ಪತ್ರ ಓದಿದರೆ ತಿಳಿಯುತ್ತದೆ. ಆ ದಣಿವು ಸಂಜೆ ಸಿಡುಕಾಗಿ ಹೊರಬೀಳುತ್ತದೆ, ಯಜಮಾನರು ಅದನ್ನು ಹಣದ ಜಗಳ ಅಂದುಕೊಳ್ಳುತ್ತಾರೆ. ಪಾತ್ರೆ ನೀರಿನ ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಳ್ಳಿ, ಆ ಸಂಬಳ ಮನೆ ಖರ್ಚಿನಲ್ಲಿ ಹಾಕಿ. ಮಕ್ಕಳನ್ನು ಶಾಲೆಗೆ ಸಿದ್ಧ ಮಾಡುವುದನ್ನು ಅವರು ವಹಿಸಿಕೊಳ್ಳಲಿ. ಅತ್ತೆಯವರನ್ನೂ ಹೊರಗಿಡಬೇಡಿ. ಕಡಕ್ ರೊಟ್ಟಿ ಆರಿದೆಯೋ ಇಲ್ಲವೋ ನೋಡುವುದು, ಎಣಿಕೆ, ಇಂಥದೊಂದು ಕೆಲಸ ಅವರ ಕೈಗೆ ಕೊಟ್ಟು ತಿಂಗಳಿಗೆ ಒಂದಿಷ್ಟು ಹಣ ಅವರ ಕೈಗೇ ಕೊಡಿ. ಹೊರಗೆ ನಿಂತು ಆಡುತ್ತಿದ್ದವರು ಒಳಗೆ ಬರುತ್ತಾರೆ.

ಮಾತು ಯಾವಾಗ ಆಡಬೇಕು ಎನ್ನುವುದೂ ಗೊತ್ತಾಗಿರಲಿ. ಕೂಲಿ ಕೊಡುವ ದಿನ ಭಾನುವಾರವಾದರೆ, ಅಂದು ಮಧ್ಯಾಹ್ನ ಅರ್ಧ ತಾಸು ಪುಸ್ತಕ ಹಿಡಿದು ಕೂತುಕೊಳ್ಳಿ. ಎಷ್ಟು ಬಂತು, ಎಷ್ಟು ಉದ್ರಿ, ಮುಂದಿನ ವಾರ ಏನು ಕೊಡಬೇಕು, ಇಷ್ಟೇ. ಉಣ್ಣುವಾಗ, ಮಲಗುವಾಗ, ಬಡಿಯುವ ಹೆಣ್ಣುಮಕ್ಕಳ ಮುಂದೆ ವ್ಯಾಪಾರದ ಜಗಳ ಬೇಡ. ಒಬ್ಬರು ಇನ್ನೊಬ್ಬರಿಂದ ಉದ್ರಿ ಅಥವಾ ಕೈಸಾಲ ಮುಚ್ಚಿಡಲು ಶುರು ಮಾಡಿದರೆ, ಅದು ಮುಂದಿನ ದೊಡ್ಡ ಜಗಳದ ಮೊದಲ ಗುರುತು. ಮುಚ್ಚಿಟ್ಟದ್ದು ಹೊರಬಂದಾಗ ಬೈಯಬೇಡಿ, ಪುಸ್ತಕಕ್ಕೆ ಬರೆಯಿರಿ. ಇಲ್ಲದಿದ್ದರೆ ಮುಂದಿನ ಸಲ ಇನ್ನೂ ಆಳಕ್ಕೆ ಮುಚ್ಚಿಡುತ್ತಾರೆ. ಆದರೆ ಕೈ ಎತ್ತುವುದು, ಬಂಗಾರ ಕೊಡುವುದಿಲ್ಲ ಎಂದು ಹೆದರಿಸುವುದು ಶುರುವಾದರೆ ಅದು ವ್ಯಾಪಾರದ ಮಾತಲ್ಲ. ಆಗ 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ.

ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ. ಕಂಡದ್ದು ಎರಡು ವರ್ಷ ದಣಿವರಿಯದೆ ದುಡಿದ ಇಬ್ಬರು, ಇಬ್ಬರಿಗೂ ತಮ್ಮ ದುಡಿಮೆ ಇನ್ನೊಬ್ಬರಿಗೆ ಕಾಣುತ್ತಿಲ್ಲ ಎಂಬ ನೋವು. ಈ ಭಾನುವಾರ ಮೇಲಿನ ಲೆಕ್ಕವನ್ನು ಯಜಮಾನರ ಕೈಯಿಂದಲೇ ಬರೆಸಿ, 91 ಸಾವಿರದಿಂದ 2 ಸಾವಿರದವರೆಗೆ. ನೀವು ಹೇಳಿದರೆ ಆಕ್ಷೇಪಣೆ ಆಗುತ್ತದೆ, ಅವರೇ ಬರೆದರೆ ಲೆಕ್ಕವಾಗುತ್ತದೆ. ಅದೇ ವಾರ ಬ್ಯಾಂಕಿಗೆ ಇಬ್ಬರೂ ಹೋಗಿ ಖಾತೆ ತೆರೆಯಿರಿ, ಮುಂದಿನ ಒಂದನೇ ತಾರೀಖಿನಿಂದ ಇಬ್ಬರೂ ಕೂಲಿ ತೆಗೆದುಕೊಳ್ಳಿ. ಮೂರು ತಿಂಗಳು ನಡೆಸಿದ ಮೇಲೆ ಮಷಿನ್ ಮಾತು ಮತ್ತೆ ಎತ್ತಿ. ಆಗ ಇಬ್ಬರ ಕೈಯಲ್ಲೂ ಒಂದೇ ಪುಸ್ತಕ ಇರುತ್ತದೆ, ವಾದ ಮಾಡಿದರೂ ಒಂದೇ ಅಂಕಿಯ ಮೇಲೆ ಮಾಡುತ್ತೀರಿ.